ವಾರಕ್ಕೆ 1,000 ಡಾಲರೋ, ಒಟ್ಟಿಗೆ 6.75 ಲಕ್ಷವೋ?

ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತುಹೋಯಿತು. ಆದರೆ ಕೆನಡಾದಲ್ಲಿರುವ ನಮ್ಮವರಿಗೆ ಅಂಗಡಿಗೆ ಹೋದರೆ ‘ಸೆಟ್ ಫಾರ್ ಲೈಫ್’ ಎಂಬ ಕೆರೆಯುವ ಟಿಕೆಟ್ ಕಣ್ಣಿಗೆ ಬೀಳುತ್ತದೆ. ಅದರ ಮೊದಲ ಬಹುಮಾನ ವಾರಕ್ಕೆ 1,000 ಡಾಲರ್, 25 ವರ್ಷ. ಬೇಡವೆಂದರೆ ಒಂದೇ ಸಲಕ್ಕೆ 6,75,000 ಡಾಲರ್.

ಕಂತುಗಳನ್ನೆಲ್ಲ ಕೂಡಿದರೆ 13 ಲಕ್ಷ ಆಗುತ್ತದೆ. ‘ಹಾಗಾದರೆ ಒಟ್ಟಿಗೆ ತಗೊಂಡರೆ ಅರ್ಧಕ್ಕರ್ಧ ನಷ್ಟ ಅಲ್ವಾ?’ ಎಂದು ಕೇಳಬಹುದು. ಚೀಟಿ ಹಾಕಿದವರು ಹಾಗೆ ಕೇಳುವುದಿಲ್ಲ. ಲಕ್ಷದ ಚೀಟಿಯನ್ನು ಮೊದಲ ತಿಂಗಳೇ ಕೂಗಿ ಎತ್ತುವವರು ಒಂದಿಷ್ಟು ಬಿಟ್ಟುಕೊಟ್ಟೇ ಎತ್ತುತ್ತಾರೆ. ಮುಂದೆ ಬರುವ ದುಡ್ಡಿಗೆ ಇವತ್ತಿನ ಬೆಲೆ ಕಮ್ಮಿ. ಎಷ್ಟು ಕಮ್ಮಿ ಎಂದು ಹೇಳುವ ಶೇಕಡಾವಾರು ಅಂಕಿಯೇ ಡಿಸ್ಕೌಂಟ್ ದರ.

ಮೊದಲು ಕಂತನ್ನು ತಿಂಗಳ ಲೆಕ್ಕಕ್ಕೆ ತನ್ನಿ. ವರ್ಷಕ್ಕೆ 52,000, ತಿಂಗಳಿಗೆ ಸುಮಾರು 4,333 ಡಾಲರ್. ಒಟ್ಟು 300 ಕಂತು.

ಈಗ ಒಂದು ದರ ಹಿಡಿಯೋಣ. ವರ್ಷಕ್ಕೆ ಶೇ 6 ಎಂದರೆ ತಿಂಗಳಿಗೆ ಶೇ 0.5. ಒಂದು ವರ್ಷದ ನಂತರ ಬರುವ 4,333 ಡಾಲರನ್ನು 1.005ರಿಂದ ಹನ್ನೆರಡು ಸಲ ಭಾಗಿಸಿದರೆ ಸುಮಾರು 4,081 ಉಳಿಯುತ್ತದೆ. ಕೊನೆಯ ಕಂತನ್ನು 300 ಸಲ ಭಾಗಿಸಬೇಕು. ಅದರ ಇವತ್ತಿನ ಬೆಲೆ ಬರೀ 970! ಹೀಗೆ ಎಲ್ಲ 300 ಕಂತುಗಳ ಬೆಲೆ ಕೂಡಿಸಬೇಕು. ಸುಮ್ನೆ ಕೈಯಲ್ಲಿ ಮಾಡುತ್ತಾ ಕೂರಬೇಡಿ, ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=PV(6%/12,300,-4333)
```

ಉತ್ತರ ಸುಮಾರು 6,72,500. ಒಟ್ಟಿಗೆ ಕೊಡುವ ಮೊತ್ತ 6,75,000 ತಾನೇ? ಎರಡೂ ಹೆಚ್ಚುಕಡಿಮೆ ಒಂದೇ! ಸರಿಸಮವಾಗುವ ದರ ಎಷ್ಟೆಂದು ನೇರವಾಗಿ ತಿಳಿಯಬೇಕಾದರೆ ಇದನ್ನು ಹಾಕಿ:

```
=RATE(300,4333,-675000)*12
```

ಶೇ 5.96 ಬರುತ್ತದೆ. ಪ್ರಶ್ನೆ ಈಗ ಸಣ್ಣದಾಯಿತು: ಒಟ್ಟಿಗೆ ಬಂದ ದುಡ್ಡನ್ನು 25 ವರ್ಷ ಶೇ 5.96ಕ್ಕಿಂತ ಜಾಸ್ತಿ ದರದಲ್ಲಿ ದುಡಿಸಬಲ್ಲಿರಾ? ಆಗುವುದಾದರೆ ಒಟ್ಟಿಗೆ ತಗೊಳ್ಳಿ, ಇಲ್ಲವಾದರೆ ಕಂತು. ದರ ಶೇ 3 ಎಂದಿಟ್ಟರೆ ಕಂತುಗಳ ಬೆಲೆ ಸುಮಾರು 9.14 ಲಕ್ಷಕ್ಕೆ ಏರುತ್ತದೆ. ಶೇ 8 ಎಂದರೆ 5.61 ಲಕ್ಷಕ್ಕೆ ಇಳಿಯುತ್ತದೆ.

ನಿಮ್ಮ ದರ ಯಾವುದು? ಜನ ಎಡವುವುದು ಇಲ್ಲೇ. ಕೆನಡಾದಲ್ಲಿ ಲಾಟರಿ ಬಹುಮಾನಕ್ಕೆ ತೆರಿಗೆ ಇಲ್ಲ. ಆದರೆ ಆ ದುಡ್ಡನ್ನು ಠೇವಣಿ ಇಟ್ಟು ಗಳಿಸುವ ಬಡ್ಡಿಗೆ ಇದೆ. ನೀವು ಶೇ 30 ತೆರಿಗೆ ಕಟ್ಟುವವರಾದರೆ ಕೈಗೆ ಶೇ 5.96 ಉಳಿಯಲು ಠೇವಣಿ ಶೇ 8.5 ಕೊಡಬೇಕು. ಷೇರಿನಲ್ಲಿ ಅಷ್ಟು ಬರಬಹುದು, ಬಾರದೆಯೂ ಇರಬಹುದು. ಕಂತಿನಷ್ಟು ಖಾತರಿ ಅಲ್ಲಿ ಇಲ್ಲ. ಅದಕ್ಕೇ ಷೇರಿನ ಆಸೆಯ ದರವನ್ನು ಇಲ್ಲಿ ಹಾಕುವುದು ಸರಿಯಲ್ಲ ಎನ್ನುತ್ತೇನೆ.

‘ಮನೆ ಸಾಲ ತೀರಿಸುತ್ತೇನೆ’ ಎನ್ನುವವರ ದರ ಆ ಸಾಲದ ಬಡ್ಡಿಯೇ. ಹೀಗೆ ಕಟ್ಟದೆ ಉಳಿಸಿದ ಬಡ್ಡಿಗೆ ತೆರಿಗೆ ಇಲ್ಲ, ಆದ್ದರಿಂದ ಇದು ಪಕ್ಕಾ ಗಳಿಕೆ. ಸಾಲ ಶೇ 5ರದ್ದಾದರೆ ಕಂತುಗಳ ಬೆಲೆ ಸುಮಾರು 7.41 ಲಕ್ಷ. ಆಗಲೂ ಕಂತೇ ಮೇಲು. ಕ್ರೆಡಿಟ್ ಕಾರ್ಡ್ ಸಾಲಕ್ಕೆ ಶೇ 20 ಬಡ್ಡಿ ಇದ್ದರೆ? ಆ ದರ ಸಾಲದಷ್ಟು ದುಡ್ಡಿಗೆ ಮಾತ್ರ ಸಲ್ಲುತ್ತದೆ, ಪೂರ್ತಿ ಬಹುಮಾನಕ್ಕಲ್ಲ. 20,000 ಡಾಲರ್ ಸಾಲವನ್ನು ತಿಂಗಳ ಕಂತಿನಿಂದಲೇ ಐದು ತಿಂಗಳಲ್ಲಿ ತೀರಿಸಬಹುದು.

ನಮ್ಮವರು ಮಾಡುವ ಇನ್ನೊಂದು ಲೆಕ್ಕ ಇದೆ. ‘ಒಟ್ಟಿಗೆ ತಗೊಂಡು ಊರಿನ ಬ್ಯಾಂಕಲ್ಲಿ ಶೇ 7ಕ್ಕೆ ಎಫ್‌ಡಿ ಇಟ್ಟರೆ ಆಯ್ತಲ್ಲ?’ ಆ ಶೇ 7 ರೂಪಾಯಿಯದ್ದು, ಕಂತು ಬರುವುದು ಡಾಲರಿನಲ್ಲಿ. ರೂಪಾಯಿ ವರ್ಷಕ್ಕೆ ಶೇ 3 ಇಳಿದರೆ ಡಾಲರ್ ಲೆಕ್ಕದಲ್ಲಿ ಸಿಗುವುದು ಶೇ 4ರ ಆಸುಪಾಸು. ಜೊತೆಗೆ, ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ಕೆನಡಾದಲ್ಲಿ ನೆಲೆಸಿದವರು ಅದನ್ನು ಅಲ್ಲಿನ ಆದಾಯಕ್ಕೆ ಸೇರಿಸಬೇಕು. ದರವೂ ಕಂತೂ ಒಂದೇ ನಾಣ್ಯದಲ್ಲಿ ಇರಲೇಬೇಕು.

ಬೆಲೆಯೇರಿಕೆಯನ್ನು ಪ್ರತ್ಯೇಕವಾಗಿ ಕಳೆಯಬೇಡಿ. ಕಂತು 25 ವರ್ಷವೂ ಅದೇ 1,000. ಬ್ಯಾಂಕ್ ಹೇಳುವ ಬಡ್ಡಿ ದರದಲ್ಲೇ ಬೆಲೆಯೇರಿಕೆ ಸೇರಿರುತ್ತದೆ. ಮತ್ತೆ ಕಳೆದರೆ ಎರಡು ಸಲ ಕಳೆದಂತೆ.

ಸೂತ್ರದಲ್ಲಿ ಇರದ ಒಂದು ವಿಷಯವೂ ಇದೆ. ಗೆದ್ದವರು ನಡುವೆ ತೀರಿಕೊಂಡರೆ ಉಳಿದ ಕಂತು ಮನೆಯವರಿಗೆ ಬರುತ್ತದೆಯೇ? ಸಹಿ ಹಾಕುವ ಮೊದಲು ಟಿಕೆಟ್‌ನ ನಿಯಮಗಳಲ್ಲಿ ಇದನ್ನು ಓದಿ. ಬರುವುದಿಲ್ಲ ಎಂದಾದರೆ ಮೇಲಿನ 300ರ ಬದಲು ನಿಮ್ಮ ವಯಸ್ಸಿಗೆ ಒಪ್ಪುವ ತಿಂಗಳುಗಳನ್ನು ಹಾಕಿ ಲೆಕ್ಕ ಮತ್ತೆ ಮಾಡಿ.