ಫೈಟೊ ಸರ್ಟಿಫಿಕೇಟ್: ‘ಹೆಚ್ಚುವರಿ ಘೋಷಣೆ’ ಕಾಲಂ ನೋಡಿಕೊಳ್ಳಿ

ರೋಸ್ ಈರುಳ್ಳಿಯನ್ನು ಹೊರದೇಶಕ್ಕೆ ಕಳಿಸುವ ನಮ್ಮ ಎಫ್‌ಪಿಒ ಸ್ನೇಹಿತರೇ, ಸರಕಿನಲ್ಲಿ ಕೀಟ, ರೋಗ ಇಲ್ಲವೆಂದು ಹೇಳುವ ಫೈಟೊಸ್ಯಾನಿಟರಿ ಸರ್ಟಿಫಿಕೇಟ್‌ನ ಅರ್ಜಿಯಲ್ಲಿ ಹೆಸರು ‘ರೋಸ್ ಆನಿಯನ್’ ಅಂತ ಬರೆದರೆ ಸಾಲದು, ಸಸ್ಯಶಾಸ್ತ್ರೀಯ ಹೆಸರು Allium cepa ಕೂಡ ಬೇಕು. ತೂಕವೂ ಅಷ್ಟೇ: ಉದಾಹರಣೆಗೆ 25 ಕೆಜಿಯ 560 ಚೀಲ ಅಂದರೆ ನಿವ್ವಳ 14,000 ಕೆಜಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್‌ನಲ್ಲೂ ಇದೇ ತೂಕ ಇರಲಿ. ಚೀಲದ ತೂಕ ಸೇರಿಸಿ ಒಂದು ಕಡೆ, ಬಿಟ್ಟು ಇನ್ನೊಂದು ಕಡೆ ಬರೆದರೆ ಬಂದರಿನಲ್ಲಿ ಪ್ರಶ್ನೆ ಶುರು.

ನಿಜವಾದ ತಲೆನೋವು ‘ಹೆಚ್ಚುವರಿ ಘೋಷಣೆ’. ಖರೀದಿದಾರರಿಂದ ಆಮದು ಪರವಾನಗಿ ಮೊದಲೇ ತರಿಸಿಕೊಳ್ಳಿ; ಅದರಲ್ಲಿ ಯಾವ ಕೀಟ, ರೋಗ ಇಲ್ಲವೆಂದು ಕೇಳಿದ್ದಾರೋ ಆ ವಾಕ್ಯವನ್ನೇ ಅಕ್ಷರಶಃ ಅರ್ಜಿಯಲ್ಲಿ ಹಾಕಿ. ಕೇಳದಿದ್ದರೆ ಸುಮ್ಮನೆ ತುಂಬಬೇಡಿ. ಹಳೇ ಸರ್ಟಿಫಿಕೇಟ್‌ನಿಂದ ನಕಲು ಮಾಡುವುದಂತೂ ಬೇಡವೇ ಬೇಡ. ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದಬೇಡಿ, ಕೊಟ್ಟ ಅಧಿಕಾರಿಯಿಂದಲೇ ಸರಿಪಡಿಸಿಕೊಳ್ಳಿ. ಇದೆಲ್ಲ ಕಂಟೇನರ್ ಹೊರಡುವ ಮುಂಚೆ.