ಹೋಂಸ್ಟೇ ವೈಫೈಗೆ ಡಿಎನ್‌ಎಸ್ ಫಿಲ್ಟರ್: ಹೊಸ ಬಾಕ್ಸ್ ಕೊಳ್ಳದೆ ಮಾಡಿದ್ದು

ಗೋಣಿಕೊಪ್ಪಲು ಕಡೆಯ ಒಂದು ಹೋಂಸ್ಟೇಯಲ್ಲಿ ಮಕ್ಕಳಿರುವ ಗೆಸ್ಟ್‌ಗಳೇ ಜಾಸ್ತಿ. ವೈಫೈನಲ್ಲಿ ಅಶ್ಲೀಲ ಸೈಟ್ ತೆರೆಯಬಾರದು ಅಂತ ಓನರ್ ಕೇಳಿದ್ದಕ್ಕೆ, ನೆಟ್‌ವರ್ಕ್ ಕೆಲಸ ಮಾಡುವ ನಮ್ಮ ಲೈನಿನವರೇ ನಕ್ಕಿದ್ದರು. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೇಳಿದರೆ ಅದರ ವಿಳಾಸ ಹೇಳುವ ಸರ್ವರ್; ಫಿಲ್ಟರ್ ಇರುವ ಡಿಎನ್‌ಎಸ್ ಕೆಟ್ಟ ಸೈಟಿನ ವಿಳಾಸ ಕೊಡುವುದಿಲ್ಲ. "ಡಿಎನ್‌ಎಸ್ ಬದಲಾಯಿಸಿದ್ರೆ ಏನೂ ಆಗಲ್ಲ ಅಣ್ಣ, ಫೈರ್‌ವಾಲ್ ಹಾಕ್ಸಿ" ಅಂತ ಹದಿನೈದು ಸಾವಿರದ ಹತ್ತಿರ ಕೊಟೇಶನ್ ಕೊಟ್ಟರು, ವರ್ಷ ವರ್ಷ ಲೈಸೆನ್ಸ್ ದುಡ್ಡು ಬೇರೆ. ನಾನು ಹಳೇ ರೂಟರ್‌ನಲ್ಲೇ ಮಾಡಿ ಆರುನೂರೋ ಏಳುನೂರೋ ತಗೊಂಡೆ. ಒಂದು ಮಳೆಗಾಲ ಕಳೆದರೂ ದೂರು ಬಂದಿಲ್ಲ.

ಮೊದಲು ಯಾರೋ ರೂಟರ್‌ನ ಡಿಎನ್‌ಎಸ್ ಖಾನೆಗೆ ಕ್ಲೌಡ್‌ಫ್ಲೇರ್‌ನ ಫಿಲ್ಟರ್ ಇರುವ 1.1.1.3 ಹಾಕಿ, ಎರಡನೇ ಖಾನೆಗೆ ಫಿಲ್ಟರ್ ಇಲ್ಲದ ಗೂಗಲ್‌ನ 8.8.8.8 ತುಂಬಿದ್ದರು. ಮೊದಲನೆಯದು ಬಿದ್ದಾಗ ಮಾತ್ರ ಎರಡನೆಯದನ್ನು ಕೇಳುತ್ತದೆ ಅನ್ನುವ ನಂಬಿಕೆ. ಎಷ್ಟೋ ರೂಟರ್‌ಗಳು, ಫೋನ್‌ಗಳು ಎರಡನ್ನೂ ಕೇಳುತ್ತವೆ. ಅದಕ್ಕೇ ಅದೇ ಸೈಟ್ ಒಮ್ಮೆ ತೆರೆಯುತ್ತಿತ್ತು, ಒಮ್ಮೆ ಇಲ್ಲ. ಎರಡನೆಯದಕ್ಕೂ ಫಿಲ್ಟರ್ ಇರುವ 1.0.0.3 ಕೊಟ್ಟೆ.

ಆದರೂ ಕೆಲವು ಫೋನ್‌ಗಳಲ್ಲಿ ಎಲ್ಲವೂ ತೆರೆಯುತ್ತಿತ್ತು. ಲ್ಯಾಪ್‌ಟಾಪ್ ತೆಗೆದು ನೋಡಿದೆ:

```
nslookup nudity.testcategory.com
```

ಫಿಲ್ಟರ್ ಕೆಲಸ ಮಾಡುತ್ತಿದ್ದರೆ ಉತ್ತರ 0.0.0.0 ಬರಬೇಕು. ಬಂದದ್ದು ನಿಜವಾದ ವಿಳಾಸ, ಮೇಲಿನ ಸರ್ವರ್ ಸಾಲಿನಲ್ಲಿ fe80:: ಅಂತ ಶುರುವಾಗುವ ಐಪಿವಿ6 ವಿಳಾಸ ಇತ್ತು. ಕಳ್ಳ ಸಿಕ್ಕಿದ್ದು ಅಲ್ಲೇ. ನಾವು ಬದಲಾಯಿಸಿದ್ದು ಐಪಿವಿ4 ಡಿಎನ್‌ಎಸ್ ಮಾತ್ರ. ಐಪಿವಿ6 ದಾರಿಯಲ್ಲಿ ಇಂಟರ್ನೆಟ್ ಕೊಡುವ ಕಂಪನಿಯ ಡಿಎನ್‌ಎಸ್ ಹಾಗೇ ಇತ್ತು. ಲ್ಯಾನ್ ಸೆಟ್ಟಿಂಗ್‌ನ ಐಪಿವಿ6 ಪುಟದಲ್ಲಿ ಇವೆರಡನ್ನೂ ಹಾಕಿದೆ:

```
2606:4700:4700::1113
2606:4700:4700::1003
```

ಆ ಖಾನೆಯೇ ಇಲ್ಲದ ಅಗ್ಗದ ರೂಟರ್ ಆದರೆ ಲ್ಯಾನ್‌ನಲ್ಲಿ ಐಪಿವಿ6 ಆಫ್ ಮಾಡಿ. ಆಮೇಲೆ ವೈಫೈ ಬಿಟ್ಟು ಮತ್ತೆ ಸೇರಿ ಪರೀಕ್ಷಿಸಬೇಕು, ಇಲ್ಲದಿದ್ದರೆ ಹಳೇ ಉತ್ತರವೇ ಕಾಣುತ್ತದೆ.

ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಬೇರೆ ಹೆಸರು ಹಾಕಿಕೊಂಡವರು ಫಿಲ್ಟರ್ ತಪ್ಪಿಸುತ್ತಾರೆ. ಅದು ಬಳಸುವ, ಹೊರಗೆ ಹೋಗುವ 853 ಪೋರ್ಟ್ ಮುಚ್ಚಿದರೆ ಅಂಥ ಫೋನ್‌ಗೆ ಸಾಮಾನ್ಯವಾಗಿ ನೆಟ್ಟೇ ಬರುವುದಿಲ್ಲ, ಅವರೇ ಬಂದು ಕೇಳುತ್ತಾರೆ. ಬ್ರೌಸರ್‌ನ ಸೆಕ್ಯೂರ್ ಡಿಎನ್‌ಎಸ್‌ಗೂ ನನ್ನ ಹತ್ತಿರ ಒಂದು ಉಪಾಯ ಇದೆ, ಅದು ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ವಿಪಿಎನ್ ಹಾಕುವವನನ್ನು ಮಾತ್ರ ಡಿಎನ್‌ಎಸ್‌ನಿಂದ ತಡೆಯಲು ಆಗದು.

ನಡುವೆ ವೇಗವನ್ನೂ ಅಳೆದೆ. ಕಂಪನಿಯ ಡಿಎನ್‌ಎಸ್ ಸುಮಾರು ಹತ್ತು ಮಿಲಿಸೆಕೆಂಡ್‌ಗೆ ಉತ್ತರ ಕೊಟ್ಟರೆ, 1.1.1.3 ಇಪ್ಪತ್ತೈದು ಮೂವತ್ತು ತಗೊಳ್ಳುತ್ತಿತ್ತು. ಅಂದರೆ ನಮ್ಮಲ್ಲಿ ಇದರಿಂದ ನೆಟ್ ವೇಗವಾಗುವುದಿಲ್ಲ, ಡೌನ್‌ಲೋಡಿಗಂತೂ ಸಂಬಂಧವೇ ಇಲ್ಲ. ಆದರೆ ಸಂಜೆ ಹೊತ್ತು ಕಂಪನಿಯದು ಆಗಾಗ ಉತ್ತರವನ್ನೇ ಕೊಡದೆ ಕೂರುತ್ತಿತ್ತು, ಆ ಕಾಟ ಹೋಯಿತು.

ಇನ್ನೊಂದು ತಲೆನೋವು: ಫೈಬರ್ ಬಂದು ಸೇರುವ ಕಂಪನಿಯ ಬಾಕ್ಸ್ ಆದ ಓಎನ್‌ಟಿಯ ಸೆಟ್ಟಿಂಗನ್ನು ಕಂಪನಿ ದೂರದಿಂದಲೇ ಅಪ್‌ಡೇಟ್ ಮಾಡಿದಾಗ ನಮ್ಮ ಡಿಎನ್‌ಎಸ್ ಅಳಿಸಿಹೋಗುತ್ತಿತ್ತು. ಅದಕ್ಕೆ ಓಎನ್‌ಟಿ ಲೈನನ್ನು ಸುಮ್ಮನೆ ದಾಟಿಸುವಂತೆ ಬ್ರಿಜ್ ಮೋಡ್‌ಗೆ ಹಾಕಿಸಿ, ಡಯಲ್ ಮಾಡುವುದು, ಡಿಎನ್‌ಎಸ್ ಹಂಚುವುದು ಎರಡನ್ನೂ ಓನರ್‌ನ ಸ್ವಂತ ರೂಟರ್‌ಗೆ ವಹಿಸಿದೆ.