ಕವಲೇದುರ್ಗದ ಕಲ್ಲುಹಾದಿಗೆ ಪ್ಯಾರಲಾಕ್ಸ್: ಓರೆನೋಟದಲ್ಲಿ ಅದು ಕೈಕೊಡುವ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೋಟೆಗೆ ಏರುವ ಕಲ್ಲು ಹಾಸಿದ ಹಾದಿಯನ್ನು ಪರದೆಯ ಮೇಲೆ ನಡೆದು ನೋಡುವಂತೆ ರೂಪಿಸುವಾಗ, ಪ್ರತಿ ಕಲ್ಲನ್ನೂ ಜ್ಯಾಮಿತಿಯಾಗಿ ಕಟ್ಟುವ ಬದಲು ನಾನು ಪ್ಯಾರಲಾಕ್ಸ್ ಆಕ್ಲೂಷನ್ ಮ್ಯಾಪಿಂಗ್ ಬಳಸಿದೆ. ಇದರಲ್ಲಿ ನೆಲ ಚಪ್ಪಟೆ ಪಾಲಿಗನ್ನಾಗಿಯೇ ಉಳಿಯುತ್ತದೆ. ಶೇಡರ್ ಪ್ರತಿ ಪಿಕ್ಸೆಲ್‌ನಲ್ಲೂ ದೃಷ್ಟಿಕಿರಣವನ್ನು ಹೈಟ್ ಮ್ಯಾಪ್‌ನೊಳಗೆ ಹಂತಹಂತವಾಗಿ ಇಳಿಸಿ, ಅದು ಕಲ್ಲಿಗೆ ತಾಗುವ ಜಾಗದ ಬಣ್ಣವನ್ನು ತರುತ್ತದೆ.

ನಾನು ಇಟ್ಟುಕೊಂಡದ್ದು 4 ಸೆಂ.ಮೀ. ಆಳ, 2 ಸೆಂ.ಮೀ. ಅಗಲದ ಸಂದು, 16 ಹಂತ. ಕಣ್ಣಿನ ಎತ್ತರ 1.6 ಮೀಟರ್ ಎಂದಾದರೆ, 1.6 ಮೀಟರ್ ದೂರದ ನೆಲದಲ್ಲಿ ಕಿರಣ ತಳ ಮುಟ್ಟುವಷ್ಟರಲ್ಲಿ ಅಡ್ಡಕ್ಕೆ 4 ಸೆಂ.ಮೀ. ಮಾತ್ರ ಸಾಗುತ್ತದೆ. 16 ಮೀಟರ್ ದೂರದಲ್ಲಿ ಅದೇ ಕಿರಣ 40 ಸೆಂ.ಮೀ. ಸಾಗಬೇಕಾಗುವುದರಿಂದ ಒಂದೊಂದು ಹೆಜ್ಜೆಯೂ 2.5 ಸೆಂ.ಮೀ. ಆಗಿ, ಇಡೀ ಸಂದನ್ನೇ ದಾಟಿಬಿಡುತ್ತದೆ. ಆಗ ಕಲ್ಲಿನ ಬದಿಗಳು ಪದರಪದರವಾಗಿ ಸೀಳಿದಂತೆ ಕಾಣುತ್ತವೆ, ಕ್ಯಾಮೆರಾ ಚಲಿಸಿದಾಗ ಆ ಪದರಗಳು ಹರಿದಾಡುತ್ತವೆ. ಹಂತಗಳನ್ನು ಹೆಚ್ಚಿಸಿದರೆ ತೊಂದರೆ ದೂರ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ, ಏಕೆಂದರೆ ನೋಟ ಓರೆಯಾದಷ್ಟೂ ಅಡ್ಡ ದೂರ ಮಿತಿಯಿಲ್ಲದೆ ಬೆಳೆಯುತ್ತದೆ. ಏರುಹಾದಿಯಲ್ಲಂತೂ ಕಣ್ಣಿನ ಮಟ್ಟಕ್ಕೆ ತುಸುವೇ ಕೆಳಗಿರುವ ಮೆಟ್ಟಿಲು ಎರಡು ಮಾರು ದೂರದಲ್ಲೇ ಹೀಗೆ ಕೆಡುತ್ತದೆ. ಆದ್ದರಿಂದ ಆಳವನ್ನು ದೂರಕ್ಕೆ ತಕ್ಕಂತಲ್ಲ, ಕೋನಕ್ಕೆ ತಕ್ಕಂತೆ ಕುಗ್ಗಿಸಬೇಕು:

```glsl
float fade = smoothstep(0.10, 0.25, V.z);
vec2 travel = V.xy / max(V.z, 0.10) * 0.04 * fade;
```

ಇಲ್ಲಿ `V` ಎಂಬುದು ಟ್ಯಾಂಜೆಂಟ್ ಸ್ಪೇಸ್‌ನಲ್ಲಿ ಕಣ್ಣಿನತ್ತ ಹೊರಟ, ಉದ್ದ ಒಂದಾಗಿರುವ ದಿಕ್ಕು; ನೋಟ ಓರೆಯಾದಷ್ಟೂ `V.z` ಸೊನ್ನೆಯತ್ತ ಇಳಿಯುತ್ತದೆ. ಟೆಕ್ಸ್ಚರ್‌ನ ಒಂದು ಹಾಸು ಒಂದು ಮೀಟರ್. `V.z` 0.25 ಇರುವಾಗ ಹೆಜ್ಜೆ ಸುಮಾರು 1 ಸೆಂ.ಮೀ., ಅಂದರೆ ಸಂದಿನ ಅರ್ಧ. ಅದಕ್ಕಿಂತ ಓರೆಯಾದಂತೆ ಆಳ ಕರಗುತ್ತದೆ.

ಇಷ್ಟಕ್ಕೇ ಬಿಟ್ಟರೆ ದೂರದ ನೆಲದಲ್ಲಿ ಕಪ್ಪು ಗೆರೆಗಳ ಜಾಲ ಎದ್ದು ಕಾಣುತ್ತದೆ. ನಿಜವಾದ ಹಾದಿಯಲ್ಲಿ ಅಷ್ಟು ಓರೆಯಾಗಿ ನೋಡಿದರೆ ದೃಷ್ಟಿ ಸಂದಿನೊಳಗೆ 2 ಮಿ.ಮೀ. ಇಳಿಯುವಷ್ಟರಲ್ಲಿ ಮುಂದಿನ ಕಲ್ಲಿಗೆ ತಾಗುತ್ತದೆ, ಸಂದಿನ ತಳ ಕಾಣುವುದೇ ಇಲ್ಲ. ಹಾಗಾಗಿ ಇದೇ `fade` ಬಳಸಿ ಸಂದಿನ ಕಪ್ಪನ್ನೂ ಕಲ್ಲಿನ ಬಣ್ಣದತ್ತ ತಿಳಿಗೊಳಿಸಿದೆ. ನನ್ನ ಮಟ್ಟಿಗೆ ಹಂತಗಳನ್ನು ದುಪ್ಪಟ್ಟು ಮಾಡುವುದಕ್ಕಿಂತ ಇದರ ಫಲ ದೊಡ್ಡದು.

ಇನ್ನೊಂದು ತೊಂದರೆ ಮೆಟ್ಟಿಲಿನ ಅಂಚುರೇಖೆಯದು, ಅದಕ್ಕೆ ಕೋನ ಕಾರಣವಲ್ಲ. ಪಾಲಿಗನ್ ಆವರಿಸಿದ ಪಿಕ್ಸೆಲ್‌ಗಳಲ್ಲಷ್ಟೇ ಶೇಡರ್ ಓಡುವುದರಿಂದ, ಮೆಟ್ಟಿಲಿನ ಮುಂದಂಚು ಗುಂಡುಕಲ್ಲುಗಳ ಏರಿಳಿತವಿಲ್ಲದೆ ಚಾಕುವಿನಿಂದ ಕೊಯ್ದಂತೆ ನೇರವಾಗಿಯೇ ಇರುತ್ತದೆ. ಅಂಚಿನಾಚೆ ದಾಟಿದ ಕಿರಣಗಳಿಗೆ `discard` ಹಾಕಿದರೆ ಅಂಚು ಒಳಮುಖವಾಗಿ ಸವೆದಂತೆ ಕಾಣುತ್ತದೆ ನಿಜ. ಆದರೆ ಮೆಟ್ಟಿಲಿನ ಗಡಿ ಗೊತ್ತಾಗಲು ಅದಕ್ಕೆ ಪುನರಾವರ್ತನೆಯಾಗದ ಎರಡನೆಯ ಯುವಿ ಬೇಕು, ಮತ್ತು ಖಾಲಿಯಾದ ಜಾಗದ ಹಿಂದೆ ತೋರಿಸಲು ಏನಾದರೂ ಇರಬೇಕು. ಕೊನೆಗೆ ಪ್ರತಿ ಮೆಟ್ಟಿಲಿನ ಮುಂದಿನ ಒಂದು ಸಾಲು ಕಲ್ಲುಗಳನ್ನು ಮಾತ್ರ ನಿಜವಾದ ಮೆಶ್ ಆಗಿ ಕಟ್ಟಿ, ಮೆಶ್ ಮತ್ತು ಚಪ್ಪಟೆ ನೆಲ ಕೂಡುವ ಗೆರೆಯನ್ನು ಒಂದು ಸಂದಿನ ನಡುವೆ ಇರಿಸಿದೆ.